ತಕ್ಕಡಿ ಖೋಲಿಯ ಪ್ರಪೋಸಲ್

ಗ್ರಂಥಾಲಯ ದೊಡ್ಡದು ಮಾಡಿಕೊಡಿ ಎಂದು ನಾನು ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೆ ವರ್ಷಕ್ಕೊಂದರಂತೆ ಕೊಟ್ಟ ಅರ್ಜಿಗಳು ಒಟ್ಟು ಏಳು. ಏಳಕ್ಕೂ ಎಡ ಅಂಚಿನಲ್ಲಿ, ಹಸಿರು ಶಾಯಿಯಲ್ಲಿ, ಓರೆಯಾಗಿ ಬರೆದ ಒಂದೇ ಉತ್ತರ: "ಪರಿಶೀಲಿಸಲಾಗುವುದು." ಯಾರು ಪರಿಶೀಲಿಸುತ್ತಾರೆ, ಯಾವಾಗ, ಎಲ್ಲಿ ನಿಂತು, ಏನನ್ನು ನೋಡಿ, ಒಂದೂ ಇಲ್ಲ. ಆ ಏಳನ್ನೂ ನಾನು ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದೆ. ಗ್ರಂಥಪಾಲಕಿ ನಾನು, ಅವಮಾನವನ್ನೂ ಕ್ರಮಬದ್ಧವಾಗಿ ಇಟ್ಟುಕೊಳ್ಳುತ್ತೇನೆ.

ನಮ್ಮದು ಧಾರವಾಡದ ಒಂದು ಅನುದಾನಿತ ಡಿಗ್ರಿ ಕಾಲೇಜು. ಗ್ರಂಥಾಲಯವೆಂದರೆ ಒಂದು ಉದ್ದನೆಯ ಹಾಲ್. ಅರ್ಧ ಭಾಗ ಕಪಾಟು, ಅರ್ಧ ಭಾಗ ಮೇಜು. ಧಾರವಾಡದಲ್ಲಿ ಈಗ ಪಾಠಕ್ಕಿಂತ ಸ್ಪರ್ಧಾತ್ಮಕ ಪರೀಕ್ಷೆ ದೊಡ್ಡದು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಮಕ್ಕಳು ಮುಂಜಾನೆ ಎಂಟಕ್ಕೇ ಬಾಗಿಲಲ್ಲಿ ನಿಂತಿರುತ್ತಾರೆ. ಬಾಗಿಲು ತೆಗೆದ ಐದು ನಿಮಿಷಕ್ಕೆ ಖುರ್ಚಿ ತುಂಬುತ್ತವೆ. ಸುತ್ತಲ ಹಳ್ಳಿಗಳಿಂದ ಬರುವ ಹುಡುಗಿಯರ ಬಸ್ಸು ಒಂಬತ್ತಕ್ಕೆ ಮುಟ್ಟುತ್ತದೆ. ಅವರಿಗೆ ಉಳಿಯುವುದು ವರಾಂಡದ ಮೆಟ್ಟಿಲು. ಹಾಲ್‌ಟಿಕೆಟ್ ಹಿಡಿದು ಓಡಾಡುವ ದಿನಗಳಲ್ಲಂತೂ ಮೆಟ್ಟಿಲಿಗೂ ರಿಸರ್ವೇಶನ್ ಇರುತ್ತಿತ್ತು.

ಏಳನೆಯ ಅರ್ಜಿಗೆ ಬಂದ ಉತ್ತರಕ್ಕೆ ಮಾತ್ರ ಒಂದು ಬಾಲ ಇತ್ತು: "ಪರಿಶೀಲಿಸಲಾಗುವುದು. ಸದ್ಯಕ್ಕೆ ಬಳಕೆಯಲ್ಲಿಲ್ಲದ ಹಳೆಯ ಪುಸ್ತಕಗಳ ಪಟ್ಟಿ ಮಾಡಿ, ಬೇಸಿಗೆ ರಜೆಯೊಳಗೆ ವಿಲೇವಾರಿ ಮಾಡಿ, ಜಾಗ ತೆರವುಗೊಳಿಸತಕ್ಕದ್ದು." ಗ್ರಂಥಾಲಯ ಸಮಿತಿಯೂ ಹೂಂ ಎಂದು ಸಹಿ ಹಾಕಿತ್ತು. ಅಂದರೆ ಉತ್ತರ ದಿಕ್ಕಿನ ಗೋಡೆಗೆ ಹತ್ತಿ ನಿಂತ ಹನ್ನೆರಡು ಕಪಾಟಿನ ಪುಸ್ತಕಗಳು ರದ್ದಿಗೆ. ನಾನು ನೌಕರಿಗೆ ಸೇರಿದ ವರ್ಷ ಒಂದೊಂದಕ್ಕೂ ನನ್ನ ಕೈಯಾರೆ ನಂಬರ್ ಚೀಟಿ ಅಂಟಿಸಿದ ಪುಸ್ತಕಗಳು ಅವು. ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಪರಿಗ್ರಹಣ ರಿಜಿಸ್ಟರಿನಲ್ಲಿ ಅವುಗಳ ಮುಂದೆ ಕೆಂಪು ಗೆರೆ ಎಳೆಯಬೇಕು, "ರದ್ದು" ಎಂಬ ಶಿಕ್ಕಾ ಹೊಡೆಯಬೇಕು. ಪಟ್ಟಿ ಮಾಡಲು ಕೂತೆ. ಮೂರು ಹಾಳೆ ಬರೆಯುವಷ್ಟರಲ್ಲಿ ಸಿಟ್ಟು ಬಂದು, ಕಣ್ಣಲ್ಲಿ ನೀರೂ ಬಂದು, ಪೆನ್ನು ಮುಚ್ಚಿಟ್ಟೆ.

ಸಿಟ್ಟಿಗೆ ಕಾರಣ ಆ ಗೋಡೆಯ ಆಚೆ ಇತ್ತು. ನಮ್ಮ ಹಾಲಿಗೆ ಹತ್ತಿದ ಖೋಲಿ ರಸಾಯನಶಾಸ್ತ್ರ ವಿಭಾಗದ ಹಳೆಯ ಬ್ಯಾಲೆನ್ಸ್ ರೂಮ್, ನಮ್ಮ ಭಾಷೆಯಲ್ಲಿ ತಕ್ಕಡಿ ಖೋಲಿ. ಹಿಂದೆ ವಿದ್ಯಾರ್ಥಿಗಳು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಲವಣ ತೂಗುತ್ತಿದ್ದರು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಆ ಖೋಲಿಗೆ ಬೀಗ. ಮೂರನೆಯ ಕಪಾಟಿನ ಹಿಂದೆ ಹಾಲನ್ನೂ ಆ ಖೋಲಿಯನ್ನೂ ಸೇರಿಸುವ ಬಾಗಿಲು ಒಂದಿತ್ತು. ಗೋಡೆ ಒಡೆಯುವುದು ಬೇಡ, ಇಟ್ಟಿಗೆ ತರುವುದು ಬೇಡ. ಕಪಾಟು ಸರಿಸಿ ಬೀಗ ತೆಗೆದರೆ ಗ್ರಂಥಾಲಯ ದೊಡ್ಡದಾಗುತ್ತಿತ್ತು. ಗೋಡೆ ಒಡೆಯಬೇಕಾದರೆ ಆಡಳಿತ ಮಂಡಳಿ ಬೇಕು, ಇರುವ ಖೋಲಿ ಅದಲುಬದಲು ಮಾಡಲು ಪ್ರಿನ್ಸಿಪಾಲರ ಸಹಿ ಸಾಕು. ಆ ಖೋಲಿಯ ಬೀಗದ ಕೈ ಇದ್ದದ್ದೂ ಪ್ರಿನ್ಸಿಪಾಲರ ಮೇಜಿನ ಖಾನೆಯಲ್ಲೇ. ಅವರು ರಸಾಯನಶಾಸ್ತ್ರದವರು.

ಹೀಗಿರುವಾಗ ಕಾಲೇಜಿನ ವಾರ್ಷಿಕೋತ್ಸವ ಬಂತು. ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಮೈಕ್ ಸಿಕ್ಕರೆ ಯೋಜನೆಗಳು ಹುಟ್ಟುತ್ತವೆ. ಆವತ್ತು ಹುಟ್ಟಿದ್ದು ಇಂಗ್ಲಿಷ್ ಸರ್ಟಿಫಿಕೇಟ್. ಪರದೇಶದ ಮಂಡಳಿಯೊಂದು ನಡೆಸುವ ದೊಡ್ಡ ಮಟ್ಟದ ಇಂಗ್ಲಿಷ್ ಪರೀಕ್ಷೆಗೆ ನಮ್ಮ ವಿದ್ಯಾರ್ಥಿಗಳು ಕೂಡಬೇಕು ಎಂದು ಹೇಳಿ, ಚಪ್ಪಾಳೆ ಸಾಲದೆನಿಸಿತೋ ಏನೋ, "ಹುಡುಗರಿಗೆ ಧೈರ್ಯ ಬರಲಿ ಅಂತ ಮೊದಲ ನಮ್ಮ ಪ್ರಿನ್ಸಿಪಾಲ್‌ರ ಪರೀಕ್ಷಾಕ್ಕ ಕೂಡತಾರ!" ಎಂದು ಘೋಷಿಸಿಬಿಟ್ಟರು. ಪಕ್ಕದ ಖುರ್ಚಿಯಲ್ಲಿದ್ದ ಪ್ರಿನ್ಸಿಪಾಲರು ಎದ್ದು ನಿಂತು ಕೈಮುಗಿದರು. ಅವರ ಮುಖ ನೋಡಿದ ನನಗೆ, ಏಳು ಅರ್ಜಿಯ ಸಿಟ್ಟು ಇದ್ದರೂ, ಅಯ್ಯೋ ಪಾಪ ಎನಿಸಿತು.

ಮರುವಾರ ಸಂಜೆ ಐದೂವರೆಗೆ, ಗ್ರಂಥಾಲಯ ಖಾಲಿಯಾದ ಮೇಲೆ, ಅವರು ಒಳಗೆ ಬಂದರು. ನಮ್ಮ ಅಟೆಂಡರ್ ಕಾಕಾ ಕಿಟಕಿ ಹಾಕುತ್ತಿದ್ದವರು ಗಾಬರಿಯಾಗಿ ನೆಟ್ಟಗೆ ನಿಂತರು. ಯಾಕೆಂದರೆ ಪ್ರಿನ್ಸಿಪಾಲರು ಗ್ರಂಥಾಲಯಕ್ಕೆ ಬರುವುದು ತಪಾಸಣಾ ಸಮಿತಿಯ ಮುಂದೆ ನಡೆಯುತ್ತ ಮಾತ್ರ.

"ಮೇಡಂ, ನೀವು ಇಂಗ್ಲಿಷ್ ಎಂ.ಎ. ಅಲ್ರಿ?" ಎಂದರು.

"ಹೌದ್ರಿ ಸರ್. ಆಮ್ಯಾಲೆ ಲೈಬ್ರರಿ ಕೋರ್ಸ್ ಮಾಡೇನ್ರಿ."

"ನನಗ ಸ್ವಲ್ಪ ಹೇಳಿಕೊಡಬೇಕ್ರಿ. ಇಂಗ್ಲಿಷ್ ಡಿಪಾರ್ಟ್‌ಮೆಂಟಿನವರಿಗೆ ಕೇಳಿದ್ರ ನಾಳೆ ಮುಂಜಾನೆ ಅನ್ನೂದ್ರಾಗ ಸ್ಟಾಫ್ ರೂಮಿನ ತುಂಬ ಆಗತೈತಿ. ನೀವು ಹೆಂಗೂ ಮಾತಾಡಬಾರದು ಅಂತ ಬೋರ್ಡ್ ಹಾಕ್ಕೊಂಡು ಕುಂತವರು."

ಪ್ರವೇಶ ರಿಜಿಸ್ಟರನ್ನು ಅವರ ಮುಂದೆ ತಿರುಗಿಸಿ ಪೆನ್ನು ಕೊಟ್ಟೆ. ಒಳಗೆ ಬರುವವರೆಲ್ಲ ಹೆಸರು, ವೇಳೆ, ಉದ್ದೇಶ ಬರೆಯಬೇಕೆಂಬುದು ಸ್ವತಃ ಅವರೇ ಹೊರಡಿಸಿದ ಸುತ್ತೋಲೆ. ಉದ್ದೇಶದ ಕಾಲಮ್ಮಿನಲ್ಲಿ ಅವರು "ತಪಾಸಣೆ" ಎಂದು ಬರೆದರು. ಕಾಕಾ ಅದನ್ನು ಓದಿ, ರಾತ್ರಿಯೊಳಗೆ ಎಲ್ಲ ಕಪಾಟಿನ ಧೂಳು ಒರೆಸಿದರಂತೆ.

ಹೀಗೆ ನಮ್ಮ ಕ್ಲಾಸು ಶುರುವಾಯಿತು. ವಾರಕ್ಕೆ ಮೂರು ಸಂಜೆ. ಪ್ರಿನ್ಸಿಪಾಲರು ನವಲಗುಂದದ ಕಡೆಯ ಹಳ್ಳಿಯವರು, ಹತ್ತರವರೆಗೆ ಕನ್ನಡ ಮಾಧ್ಯಮ. ಓದುವುದು, ಕೇಳುವುದು ಚೆನ್ನಾಗಿಯೇ ಇತ್ತು. ತೊಡಕು ಬರವಣಿಗೆಯದು. ಬರವಣಿಗೆ ಪತ್ರಿಕೆಯಲ್ಲಿ ಎರಡು ಭಾಗ. ಮೊದಲನೆಯದು ಪ್ರಬಂಧ, ಅದು ಕಡ್ಡಾಯ. ಎರಡನೆಯದರಲ್ಲಿ ಪತ್ರ, ವರದಿ, ವಿಮರ್ಶೆ, ಪ್ರಪೋಸಲ್ ಹೀಗೆ ಕೊಟ್ಟದ್ದರಲ್ಲಿ ಒಂದು ಆಯ್ದುಕೊಳ್ಳಬೇಕು. ಇನ್ನೂರಾ ಇಪ್ಪತ್ತರಿಂದ ಇನ್ನೂರಾ ಅರವತ್ತು ಶಬ್ದ. "ಪ್ರಪೋಸಲ್ ತಗೋತೇನ್ರಿ. ದಿನಾ ನೋಡೂದ ಅದನ್ನ," ಎಂದರು ಪ್ರಿನ್ಸಿಪಾಲರು. ನೋಡುವುದು ಬೇರೆ, ಬರೆಯುವುದು ಬೇರೆ ಎಂದು ಹೇಳಬೇಕೆನಿಸಿತು. ಬದಲಿಗೆ ಪ್ರಶ್ನೆ ಕೊಟ್ಟೆ.

ಪ್ರಶ್ನೆ ನಾನು ಹೆಣೆದದ್ದಲ್ಲ, ದೇವರಾಣೆ. ಅಭ್ಯಾಸದ ಪುಸ್ತಕದಲ್ಲೇ ಇತ್ತು: ನಿಮ್ಮ ಕಾಲೇಜಿನ ಪ್ರಿನ್ಸಿಪಾಲರು ಕಾಲೇಜಿನ ಒಂದು ಸೌಲಭ್ಯ ಸುಧಾರಿಸಲು ವಿದ್ಯಾರ್ಥಿಗಳಿಂದ ಪ್ರಪೋಸಲ್ ಕರೆದಿದ್ದಾರೆ, ಯಾವ ಸೌಲಭ್ಯ, ಈಗ ಅದರ ಸ್ಥಿತಿ ಏನು, ಏನು ಮಾಡಬೇಕು, ಅದರಿಂದ ಯಾರಿಗೆ ಲಾಭ ಎಂದು ಬರೆಯಿರಿ. ಸೌಲಭ್ಯ ಗ್ರಂಥಾಲಯ ಇರಲಿ ಎಂದು ಮಾತ್ರ ನಾನು ಸೂಚಿಸಿದೆ. ಅಷ್ಟು ಸ್ವಾತಂತ್ರ್ಯ ಕಲಿಸುವವರಿಗೆ ಇರಬೇಕಲ್ಲ.

ನಲವತ್ತು ನಿಮಿಷ ತಲೆ ತಗ್ಗಿಸಿ ಬರೆದು ಹಾಳೆ ಕೊಟ್ಟರು. ಓದಿದೆ. ನಗು ತಡೆಯಲು ಕೆಮ್ಮಬೇಕಾಯಿತು. ಅದರ ಒಟ್ಟು ಅರ್ಥ ಹೀಗಿತ್ತು: "ಗ್ರಂಥಾಲಯದ ಕುರಿತ ತಮ್ಮ ಸಲಹೆ ತಲುಪಿದೆ. ಸದರಿ ವಿಷಯವು ಪರಿಶೀಲನೆಯಲ್ಲಿದ್ದು, ಅನುದಾನದ ಲಭ್ಯತೆಯನ್ನು ಅನುಸರಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಅಲ್ಲಿಯವರೆಗೆ ವಿದ್ಯಾರ್ಥಿಗಳು ಶಾಂತಿ ಕಾಪಾಡತಕ್ಕದ್ದು."

"ಸರ್, ಇದು ಪ್ರಪೋಸಲ್ ಅಲ್ರಿ. ಪ್ರಪೋಸಲ್‌ಗೆ ನೀವು ಕೊಟ್ಟ ಉತ್ತರ."

ಅವರು ಹಾಳೆಯನ್ನು ಹಿಂದೆ ಮುಂದೆ ಮಾಡಿ ನೋಡಿದರು. "ಅಲ್ರಿ ಮೇಡಂ, ಪ್ರಿನ್ಸಿಪಾಲ್ ಅಂತ ಕಂಡ ಕೂಡಲೆ ಕೈ ತನ್ನಷ್ಟಕ್ಕ ತಾನ ಹೊಂಟಬಿಡತೈತಿ."

"ಕೈಗೆ ಹೇಳ್ರಿ ಸರ್, ಈಗ ನೀವು ವಿದ್ಯಾರ್ಥಿ."

ಎರಡನೆಯ ಸಲವೂ ಅದೇ. ಮೂರನೆಯ ಸಲ ವಿದ್ಯಾರ್ಥಿಯಾಗಿ ಶುರು ಮಾಡಿ, ನಡುವೆ ಪ್ರಿನ್ಸಿಪಾಲರಾಗಿ, ಕೊನೆಗೆ "ಶಿಸ್ತು ಉಲ್ಲಂಘಿಸಿದರೆ ಕ್ರಮ ಜರುಗಿಸಲಾಗುವುದು" ಎಂದು ತಮಗೆ ತಾವೇ ನೋಟಿಸ್ ಕೊಟ್ಟುಕೊಂಡರು. ಕಡೆಗೆ ಅವರೇ ಸೋತು ಹೇಳಿದರು: "ನೀವ ಒಂದು ಮಾದರಿ ಉತ್ತರ ಬರದ ಕೊಡ್ರಿ. ನೋಡಿ ಕಲೀತೇನಿ."

ಆ ದಿನ ಕೆಲಗೇರಿಯ ನನ್ನ ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಎಂಥ ಖುಷಿ ಎಂದರೆ, ನಿಲ್ದಾಣ ದಾಟಿ ಮುಂದಿನದರಲ್ಲಿ ಇಳಿದೆ. ಇದು ಎಂಟನೆಯ ಅರ್ಜಿ. ಇದನ್ನು ಅವರು ಓರೆ ಅಕ್ಷರದಲ್ಲಿ ಪರಿಶೀಲಿಸಿ ಕಳಿಸುವಂತಿಲ್ಲ. ಕುಳಿತು, ಓದಿ, ಕಲಿಯಲೇಬೇಕು.

ಬರೆಯಲು ಕೂತಾಗ ಖುಷಿ ಸ್ವಲ್ಪ ಇಳಿಯಿತು. ಹೋಲಿಸಿ ನೋಡೋಣವೆಂದು ನನ್ನ ಏಳು ಅರ್ಜಿಗಳ ನಕಲು ತೆಗೆದೆ. ಏಳೂ "ತಮ್ಮಲ್ಲಿ ವಿನಯಪೂರ್ವಕವಾಗಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರುವಾಗಿ, "ಸ್ಥಳಾವಕಾಶದ ಕೊರತೆ ಇರುವುದರಿಂದ" ಎಂದು ಮುಂದುವರಿದು, "ತಮ್ಮ ವಿಧೇಯಳು" ಎಂದು ಮುಗಿಯುತ್ತಿದ್ದವು. ಯಾರು ಮೆಟ್ಟಿಲ ಮೇಲೆ ಕೂಡುತ್ತಾರೆ, ಯಾವ ಖೋಲಿ ಬೇಕು, ಬಾಗಿಲು ಎಲ್ಲಿದೆ, ಒಂದೂ ಇಲ್ಲ. ಪರೀಕ್ಷೆಯ ಅಳತೆಗೆ ಹಿಡಿದರೆ ಏಳರಲ್ಲೂ ನಾನು ನಾಪಾಸು. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ಕಪ್ ಚಹಾ ಬೇಕಾಯಿತು.

ಮಾದರಿ ಉತ್ತರವನ್ನು ನಿಯಮದ ಪ್ರಕಾರ ಶೀರ್ಷಿಕೆಗಳೊಂದಿಗೆ ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಹೇಳಿದರೆ ಹೀಗೆ:

"ಪೀಠಿಕೆ. ನಮ್ಮ ಕಾಲೇಜಿನ ಗ್ರಂಥಾಲಯದ ಈಗಿನ ಸ್ಥಿತಿಯನ್ನು ತಿಳಿಸಿ, ಅದನ್ನು ವಿಸ್ತರಿಸುವ ದಾರಿಯೊಂದನ್ನು ಸೂಚಿಸುವುದು ಈ ಪ್ರಸ್ತಾವದ ಉದ್ದೇಶ. ಇದಕ್ಕಾಗಿ ನಾನು ಸಹಪಾಠಿಗಳೊಂದಿಗೂ ಗ್ರಂಥಾಲಯದ ಸಿಬ್ಬಂದಿಯೊಂದಿಗೂ ಮಾತನಾಡಿದ್ದೇನೆ.

ಈಗಿನ ಸ್ಥಿತಿ. ಬಾಗಿಲು ತೆರೆದ ಕೆಲವೇ ನಿಮಿಷಗಳಲ್ಲಿ ಎಲ್ಲ ಆಸನಗಳೂ ತುಂಬುತ್ತವೆ. ದೂರದ ಊರುಗಳಿಂದ ಬರುವ ವಿದ್ಯಾರ್ಥಿನಿಯರು ಹೊರಗಿನ ಮೆಟ್ಟಿಲುಗಳ ಮೇಲೆ ಕುಳಿತು ಓದುತ್ತಾರೆ. ಇನ್ನೊಂದು ಕಡೆ, ಜಾಗವಿಲ್ಲವೆಂಬ ಒಂದೇ ಕಾರಣಕ್ಕೆ ಹಳೆಯ ಪುಸ್ತಕಗಳನ್ನು ತೆಗೆದುಹಾಕುವ ಸಿದ್ಧತೆ ನಡೆದಿದೆ.

ಸಲಹೆಗಳು. ಗ್ರಂಥಾಲಯದ ಪಕ್ಕದಲ್ಲಿ ಬಳಕೆಯಲ್ಲಿಲ್ಲದ ಖೋಲಿಯೊಂದಿದೆ. ಎರಡರ ನಡುವೆ ಬಾಗಿಲೂ ಇದೆ. ಆ ಬಾಗಿಲನ್ನು ತೆರೆದು, ಹಳೆಯ ಪುಸ್ತಕಗಳ ಕಪಾಟುಗಳನ್ನು ಅಲ್ಲಿಗೆ ಸರಿಸಿದರೆ, ತೆರವಾದ ಜಾಗದಲ್ಲಿ ಮೇಜುಗಳನ್ನು ಹಾಕಬಹುದು. ಹೊಸ ಕಟ್ಟಡದ ಅಗತ್ಯವಿಲ್ಲ.

ಕೊನೆಮಾತು. ಈ ಸಣ್ಣ ಬದಲಾವಣೆಯಿಂದ ಪುಸ್ತಕಗಳೂ ಉಳಿಯುತ್ತವೆ, ಓದುವವರಿಗೂ ಆಸನ ಸಿಗುತ್ತದೆ. ತಾವು ಈ ಸಲಹೆಯನ್ನು ಒಪ್ಪುವಿರೆಂದು ನಂಬಿದ್ದೇನೆ."

ಮರುದಿನ ಸಂಜೆ ಪ್ರಿನ್ಸಿಪಾಲರು ಅದನ್ನು ಓದುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸಲಹೆಗಳ ಭಾಗಕ್ಕೆ ಬಂದಾಗ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಈಗ ಸಿಡಿಯುತ್ತಾರೆ ಎಂದುಕೊಂಡೆ.

"ಬಳಕೆಯಲ್ಲಿಲ್ಲದ ಖೋಲಿ ಅನ್ನಬ್ಯಾಡ್ರಿ," ಎಂದರು ನಿಧಾನವಾಗಿ. "ಅಪರೂಪಕ್ಕ ಬಳಸೂ ಖೋಲಿ ಅಂತ ಹಾಕ್ರಿ."

ಅಷ್ಟೇ. ಉಳಿದಂತೆ ಪರೀಕ್ಷೆಯ ಅಭ್ಯರ್ಥಿಯಾಗಿ ಗಂಭೀರವಾಗಿ ಚರ್ಚೆಗೆ ಇಳಿದರು. "ಖೋಲಿ ಎಷ್ಟ ದೊಡ್ಡದು ಅಂತ ಇಲ್ಲಿ ಇಲ್ರಿ. ಓದಾಂವಗ ಖಾತ್ರಿ ಹೆಂಗ ಆಗಬೇಕು?" ಎಂದವರೇ ಕಾಕಾನ ಕೈಗೆ ಟೇಪು ಕೊಟ್ಟು, ತಮ್ಮ ಖಾನೆಯಿಂದ ಬೀಗದ ಕೈ ತಂದು, ವರಾಂಡದ ಕಡೆಯ ಬಾಗಿಲು ತೆಗೆದು, ತಕ್ಕಡಿ ಖೋಲಿ ಅಳೆಸಿದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಗಾಜಿನ ಪೆಟ್ಟಿಗೆಗಳ ಮೇಲೆ ಧೂಳು ಹಾಸಿತ್ತು. ಪ್ರಿನ್ಸಿಪಾಲರು ಕಿಟಕಿಯ ಪಕ್ಕದ ಒಂದು ಪೆಟ್ಟಿಗೆಯ ಹತ್ತಿರ ಮಾತ್ರ ಕರವಸ್ತ್ರ ತೆಗೆದು ಗಾಜು ಒರೆಸಿದರು. ನಂತರ ಹೊರಬಂದು, ಮೊದಲಿನಂತೆಯೇ ಬೀಗ ಹಾಕಿ, ಅದನ್ನು ಜಗ್ಗಿ ನೋಡಿದರು.

"ಹತ್ತ ಕಪಾಟು ಆರಾಮ ಹಿಡೀತಾವ್ರಿ," ಎಂದರು ಕಾಕಾ.

"ಹನ್ನೆರಡು," ಎಂದೆ ನಾನು.

"ಗ್ವಾಡಿಗೆ ಹಚ್ಚಿ ನಿಂದರಿಸಿದ್ರ ಹನ್ನೆರಡು," ಎಂದರು ಪ್ರಿನ್ಸಿಪಾಲರು, ಮತ್ತು ಆ ಸಂಖ್ಯೆಯನ್ನು ಮಾದರಿ ಉತ್ತರದಲ್ಲಿ ಸೇರಿಸಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಉತ್ತರ ದಿನದಿನಕ್ಕೆ ಗಟ್ಟಿಯಾಗುತ್ತಿತ್ತು, ಖೋಲಿಯ ಬೀಗವೂ ಅಷ್ಟೇ ಗಟ್ಟಿಯಾಗಿತ್ತು, ಬೇಸಿಗೆ ರಜೆ ಹತ್ತಿರ ಬರುತ್ತಿತ್ತು. ಕಚೇರಿಯಿಂದ ಪಟ್ಟಿ ಕೇಳಿ ಎರಡು ನೆನಪೋಲೆ ಬಂದವು. ಎರಡಕ್ಕೂ ಅವರದೇ ಸಹಿ. ಸಂಜೆ ಅದೇ ಮನುಷ್ಯ ನನ್ನ ಮುಂದೆ ಕೂತು ಹಳೆಯ ಪುಸ್ತಕಗಳನ್ನು ಯಾಕೆ ಉಳಿಸಬೇಕೆಂದು ಇಂಗ್ಲಿಷಿನಲ್ಲಿ ನನಗೇ ಮನವರಿಕೆ ಮಾಡಿಕೊಡುತ್ತಿದ್ದರು.

ಇನ್ನೊಂದು ಚಿಂತೆ ಹೊಸದಾಗಿ ಹತ್ತಿಕೊಂಡಿತು. ಪ್ರಿನ್ಸಿಪಾಲರು ಮಾದರಿ ಉತ್ತರವನ್ನು ಬಾಯಿಪಾಠ ಮಾಡಿಬಿಟ್ಟಿದ್ದರು. ಆವರ್ತ ಕೋಷ್ಟಕ ಬಾಯಿಪಾಠ ಮಾಡಿದವರಿಗೆ ಇನ್ನೂರಾ ಐವತ್ತು ಶಬ್ದ ಯಾವ ಲೆಕ್ಕ? ಮೆಟ್ಟಿಲು ಹತ್ತುವಾಗ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆಯ ವೇಳೆಗೂ ಅಲ್ಲಾಡುತ್ತಿತ್ತು.

"ಸರ್, ಪ್ರಶ್ನೆ ಬ್ಯಾರೆ ಬರತದ್ರಿ. ಬಾಯಿಪಾಠದ್ದು ಬರದ್ರ ಮಾರ್ಕ್ಸ್ ಹೋಗತಾವ. ಮಾದರಿ ಅಂದ್ರ ರೀತಿ ಕಲಿಲಿಕ್ಕೆ, ಮಾತು ಎತ್ತಿ ಇಡಲಿಕ್ಕೆ ಅಲ್ಲ."

"ತಿಳೀತ್ರಿ ಮೇಡಂ, ತಿಳೀತು," ಎಂದರು, ನಮ್ಮ ವಿದ್ಯಾರ್ಥಿಗಳು ಅವರಿಗೆ ಹೇಳುವ ಧಾಟಿಯಲ್ಲೇ.

ಪರೀಕ್ಷೆ ಹುಬ್ಬಳ್ಳಿಯಲ್ಲಿ, ದೇಶಪಾಂಡೆ ನಗರದ ಒಂದು ಸೆಂಟರಿನಲ್ಲಿ. ನಾನೂ ಬರಬೇಕೆಂದು ಹಟ ಹಿಡಿದರು, ಹೋದೆ. ಹೊರಗೆ ಬೆಂಚಿನ ಮೇಲೆ ಪರೀಕ್ಷಾರ್ಥಿಗಳ ತಂದೆತಾಯಿಯರ ಜೊತೆ ಕೂತೆ. ನನ್ನ ಪಕ್ಕದಲ್ಲಿದ್ದ ಒಬ್ಬ ತಾಯಿ, "ನಿಮ್ಮವರು ಯಾರು ಕುಂತಾರ್ರಿ ಪರೀಕ್ಷಾಕ್ಕ?" ಎಂದು ಕೇಳಿದರು. "ನಮ್ಮ ಪ್ರಿನ್ಸಿಪಾಲರು," ಎಂದೆ. ಆಕೆ ಸ್ವಲ್ಪ ದೂರ ಸರಿದು ಕೂತರು.

ಬರವಣಿಗೆ ಮುಗಿಸಿ ಹೊರಬಂದ ಪ್ರಿನ್ಸಿಪಾಲರ ಮುಖ ಅರಳಿತ್ತು. ನಾನು ಬೆಂಚಿನ ಮೇಲೆ ಅವರಿಗೆ ಜಾಗ ಮಾಡಿಕೊಟ್ಟೆ.

"ಪ್ರಪೋಸಲ್ ಬಂದಿತ್ತೇನ್ರಿ ಸರ್?"

"ಬಂದಿತ್ರಿ. ಕಾಲೇಜಿನ ಆಟದ ಸೌಲಭ್ಯ ಹೆಂಗ ಸುಧಾರಿಸಬೇಕು ಅಂತ."

"ಮತ್ತ... ಆಟದ ಮ್ಯಾಲೇ ಬರದ್ರಿ ಅಲ್ಲ?"

"ಶುರು ಮಾಡಿದೆ. ಮೈದಾನ ಐತಿ, ಹುಡುಗರು ಆಡಾಕತ್ತಾರ ಅಂತ ಒಂದು ಪ್ಯಾರಾ ಬರದೆ. ಆಮ್ಯಾಲೆ ಯೋಚನೆ ಮಾಡಿದೆ. ಮೈದಾನ ಎಲ್ಲಿಗೂ ಓಡಿ ಹೋಗೂದಿಲ್ಲ. ಕೂಡಾಕ ಜಾಗ ಇಲ್ಲದ್ದು ಲೈಬ್ರರ್‍ಯಾಗ. ಆಟಕ್ಕಿಂತ ಮೊದಲ ಗ್ರಂಥಾಲಯ ನೋಡಬೇಕು ಅಂತ ಬರದು, ಉಳಿದದ್ದೆಲ್ಲಾ ನಮ್ಮ ಪ್ರಪೋಸಲ್ ಹಾಕಿದೆ. ಖರೇ ಹೇಳತೇನ್ರಿ, ಅಷ್ಟು ಮನಸ್ಸಿನಿಂದ ನಾ ಎಂದೂ ಬರದಿದ್ದಿಲ್ಲ."

ಬೆಂಚಿನ ತಾಯಿಯಂತೆ ನಾನೂ ಸ್ವಲ್ಪ ದೂರ ಸರಿದು ಕೂತೆ. ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ವಿಷಯದ ಅಂಕವೆಲ್ಲ ಹೋದಂತೆಯೇ. ಧಾರವಾಡಕ್ಕೆ ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಸಮಾಧಾನವಾಗಿ ನಿದ್ದೆ ಮಾಡಿದರು. ನಾನು ಮಾತ್ರ ಎಚ್ಚರವಾಗಿದ್ದು, ಸೇಡು ತೀರಿಸಿಕೊಳ್ಳಲು ಹೋಗಿ ಒಬ್ಬರನ್ನು ನಾಪಾಸು ಮಾಡಿಸಿದೆನಲ್ಲ ಎಂದು ಹಳಹಳಿಸಿದೆ. ಖರೇ ಹೇಳಬೇಕೆಂದರೆ ನನಗೆ ಆವತ್ತು ನಾಚಿಕೆಯಾಗಿತ್ತು.

ಫಲಿತಾಂಶ ಬರುವ ಹೊತ್ತಿಗೆ ಬೇಸಿಗೆ ರಜೆಗೆ ಒಂದೇ ವಾರ ಉಳಿದಿತ್ತು. ಪಟ್ಟಿ ಮುಗಿಸಿದ್ದೆ. ಹತ್ತೊಂಬತ್ತು ಹಾಳೆ. ಅದನ್ನು ಕಚೇರಿಗೆ ಒಯ್ಯಲು ಎದ್ದು ನಿಂತಿದ್ದಾಗಲೇ ಪ್ರಿನ್ಸಿಪಾಲರು ಬಂದರು. ಕೈಯಲ್ಲಿ ಫಲಿತಾಂಶದ ಹಾಳೆಯ ಪ್ರಿಂಟ್. ಒಟ್ಟಿನಲ್ಲಿ ಪಾಸು, ಅದೂ ಅಂಚಿನಲ್ಲಿ. ಓದು, ಕೇಳುವಿಕೆ, ಮಾತು ಚೆನ್ನಾಗಿದ್ದವು. ಬರವಣಿಗೆಯ ಸಾಲೊಂದು ಮಾತ್ರ ಕೆಳಗೆ ಬಿದ್ದಿತ್ತು.

"ಯಾಕ್ರಿ ಹಿಂಗ? ಎಲ್ಲಾ ಖರೇನ ಬರದಿದ್ದೆ."

"ಖರೇ ಇತ್ತು ಸರ್. ಆದರ ಅವರು ಆಟ ಕೇಳಿದ್ರು. ಲೈಬ್ರರಿ ಮಾತು ಅವರಿಗೆ ಹೇಳಿದ್ರ ಏನು ಉಪಯೋಗ? ಅದು ಯಾರಿಗೆ ಹೇಳಬೇಕಾಗಿತ್ತೋ ಅವರಿಗೆ ಮುಟ್ಟಲಿಲ್ಲ." ಬಾಯಿ ಜಾರಿ ಬಂದ ಮಾತು ಅದು. ಬಂದ ಮೇಲೆ ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ.

ಪ್ರಿನ್ಸಿಪಾಲರು ನನ್ನ ಎದುರಿನ ಖುರ್ಚಿ ಎಳೆದು ಕೂತರು.

"ನನಗ ತಿಳಿದಿಲ್ಲಂತ ಮಾಡೀರೇನು? ಆ ಖೋಲಿ ಸಾಲು ಓದಿದ ದಿನಾನ ತಿಳದಿತ್ತು, ಇದು ನಿಮ್ಮ ಎಂಟನೇ ಅರ್ಜಿ ಅಂತ." ಮೂರನೆಯ ಕಪಾಟಿನ ಕಡೆ ನೋಡಿದರು. "ನಾ ಇದ ಕಾಲೇಜಿನ್ಯಾಗ ಕಲ್ತಾಂವ. ಇರೂದು ಒಬ್ಬ ಸಂಬಂಧಿಕರ ಮನ್ಯಾಗ, ಅಲ್ಲಿ ಓದಾಕ ಜಾಗ ಇದ್ದಿಲ್ಲ. ಆಗಿನ ಲ್ಯಾಬ್ ಅಟೆಂಡರ್ ಅಜ್ಜಾರು ಸಂಜೀಕ ತಕ್ಕಡಿ ಖೋಲಿ ತಗದು ಕೊಡತಿದ್ರು. ಗಾಳಿ ಆಡಬಾರದಂತ ಫ್ಯಾನ್ ಸೈತ ಇಲ್ಲ ಅಲ್ಲಿ, ಬೆವರು ಸುರೀತಿತ್ತು. ಮೂರು ವರ್ಷ ಅಲ್ಲೇ ಓದೇನಿ. ಅದನ್ನ ಕೊಡಾಕ ಮನಸ್ಸು ಬರಲಿಲ್ಲ ಮೇಡಂ. ಹಂಗಂತ ಫೈಲಿನ ಮ್ಯಾಲೆ ಬರಿಯಾಕ ಬರತೈತೇನು? ಪರಿಶೀಲಿಸಲಾಗುವುದು ಅಂತ ಬರದೆ."

ಏಳು ವರ್ಷ ನಾನು ಈ ಮನುಷ್ಯನ ಬಗ್ಗೆ ಮನಸ್ಸಿನಲ್ಲಿ ಆಡಿದ ಮಾತುಗಳೆಲ್ಲ ಸಾಲಾಗಿ ನೆನಪಾದವು. ಕೊನೆಗೆ ಕೇಳಿದೆ: "ಸರ್, ನೀವು ಅಲ್ಲಿ ಯಾಕ ಕೂಡತಿದ್ರಿ? ಲೈಬ್ರರ್‍ಯಾಗ ಯಾಕ ಕೂಡಲಿಲ್ಲ?"

"ಲೈಬ್ರರ್‍ಯಾಗ ಜಾಗ..." ಎಂದು ಶುರು ಮಾಡಿದವರು ಮಾತು ಅಲ್ಲೇ ನಿಲ್ಲಿಸಿದರು. ಹೊರಗೆ ಮೆಟ್ಟಿಲ ಮೇಲೆ ಕೂತ ಹುಡುಗಿಯರ ಕಡೆ ನೋಡಿದರು. ನಂತರ, "ಮಾದರಿ ಉತ್ತರ ಎಲ್ಲೈತ್ರಿ?" ಎಂದರು.

ತೆಗೆದು ಕೊಟ್ಟೆ. ನನ್ನ ಕೆಂಪು ಗುರುತುಗಳು, ಅವರ ಟೇಪಿನ ಅಳತೆ ಎಲ್ಲ ಇದ್ದ ಹಾಳೆ. ಅವರು ಅದನ್ನು ಹಿಡಿದು ಸೀದಾ ಕಚೇರಿಗೆ ನಡೆದರು. ನಾನೂ ಕಾಕಾನೂ ಹಿಂದೆ ಓಡಿದೆವು. ಬಂದ ಪತ್ರಗಳನ್ನು ದಾಖಲಿಸುವ ಆವಕ ವಿಭಾಗದ ಗುಮಾಸ್ತರ ಮುಂದೆ ಹಾಳೆ ಇಟ್ಟು, "ಇದನ್ನ ಇನ್ವರ್ಡ್ ಮಾಡ್ರಿ," ಎಂದರು.

ಗುಮಾಸ್ತರು ನಿಯಮದ ಮನುಷ್ಯ. ಕನ್ನಡಕ ಏರಿಸಿ ಓದಿದರು. "ಸರ್, ಇದು ವಿದ್ಯಾರ್ಥಿ ಅರ್ಜಿ ಐತ್ರಿ. ಸಹಿ ಇಲ್ಲ, ಕ್ಲಾಸ್ ಇಲ್ಲ, ರೋಲ್ ನಂಬರ್ ಇಲ್ಲ. ರೋಲ್ ನಂಬರ್ ಇಲ್ಲದ್ದು ತಗೋಬ್ಯಾಡ್ರಿ ಅಂತ ನಿಮ್ಮದ ಸುತ್ತೋಲೆ ಐತಿ."

ಪ್ರಿನ್ಸಿಪಾಲರು ಗುಮಾಸ್ತರ ಕೈಯಿಂದ ನೀಲಿ ಪೆನ್ನು ತೆಗೆದುಕೊಂಡರು. ಹಾಳೆಯ ಕೆಳಗೆ ಸಹಿ ಮಾಡಿದರು, "ಬಿ.ಎಸ್ಸಿ. ಮೂರನೇ ವರ್ಷ" ಎಂದು ಬರೆದರು. ಆಮೇಲೆ ಒಂದು ಕ್ಷಣವೂ ತಡವರಿಸದೆ ತಮ್ಮ ಹಳೆಯ ರೋಲ್ ನಂಬರ್ ಬರೆದರು. ಅದು ಅವರಿಗೆ ಇನ್ನೂ ನೆನಪಿತ್ತು.

ಗುಮಾಸ್ತರು ಶಿಕ್ಕಾ ಹೊಡೆದು ನಂಬರ್ ಹಾಕಿದರು. ಪ್ರಿನ್ಸಿಪಾಲರು ಹಾಳೆಯೊಂದಿಗೆ ತಮ್ಮ ಖೋಲಿಗೆ ಹೋಗಿ, ಮೇಜಿನ ಆಚೆ ಬದಿಗೆ ಕೂತು, ಹಸಿರು ಪೆನ್ನು ತೆಗೆದು ಎಡ ಅಂಚಿನಲ್ಲಿ ಬರೆದರು: "ಮಂಜೂರು. ಹಳೆಯ ಪುಸ್ತಕಗಳ ವಿಲೇವಾರಿ ಕೈಬಿಡಲಾಗಿದೆ. ಸಮಿತಿಗೆ ತಿಳಿಸುವುದು. ಒಂದು ತಕ್ಕಡಿ ಕಿಟಕಿಯ ಹತ್ತಿರ ಇದ್ದಲ್ಲೇ ಇರಲಿ." ಅಕ್ಷರ ಮೊದಲಿನಂತೆಯೇ ಓರೆಯಾಗಿತ್ತು. ನನ್ನ ಹತ್ತೊಂಬತ್ತು ಹಾಳೆಯ ಪಟ್ಟಿಯನ್ನು ನಾನು ಅಲ್ಲೇ, ಅವರ ಮುಂದೆಯೇ ಹರಿದೆ. ಕಾಕಾ ಚೂರುಗಳನ್ನು ಆರಿಸಿಕೊಂಡರು.

ರಜೆಯಲ್ಲಿ ಕಪಾಟು ಸರಿಸಿದೆವು. ಹನ್ನೆರಡೂ ಹಿಡಿದವು. ತಕ್ಕಡಿ ಖೋಲಿಗೆ ಮೊದಲ ಸಲ ಫ್ಯಾನ್ ಬಂತು. ಉತ್ತರದ ಗೋಡೆಯ ಪಕ್ಕ ಆರು ಹೊಸ ಮೇಜು, ಕಿಟಕಿಯ ತಕ್ಕಡಿಯ ಪಕ್ಕ ಒಂದು ಖುರ್ಚಿ.

ಕಾಲೇಜು ಶುರುವಾದ ಎರಡನೆಯ ವಾರ, ಸಂಜೆ ನಾಲ್ಕಕ್ಕೆ, ಪ್ರಿನ್ಸಿಪಾಲರು ಬಂದರು. ರಿಜಿಸ್ಟರಿನಲ್ಲಿ ಹೆಸರು, ವೇಳೆ ಬರೆದು, ಉದ್ದೇಶದ ಕಾಲಮ್ಮಿನಲ್ಲಿ "ಓದು" ಎಂದು ಬರೆದರು. ಹಾಲ್ ದಾಟಿ ತಕ್ಕಡಿ ಖೋಲಿಯವರೆಗೆ ಹೋದರು. ಹೊಸ ಮೇಜುಗಳೆಲ್ಲ ತುಂಬಿದ್ದವು. ತಕ್ಕಡಿಯ ಪಕ್ಕದ ಖುರ್ಚಿಯಲ್ಲಿ ಒಂಬತ್ತರ ಬಸ್ಸಿನ ಹುಡುಗಿಯೊಬ್ಬಳು ತಲೆ ಎತ್ತದೆ ಓದುತ್ತಿದ್ದಳು. ಅವರು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು, ಸಪ್ಪಳ ಮಾಡದೆ ಹಿಂದಿರುಗಿ, ನನ್ನ ಮೇಜಿನ ಹತ್ತಿರ ಬಂದರು.

"ಮೇಡಂ, ಆಗೂ ನನಗ ಜಾಗ ಇದ್ದಿಲ್ಲ, ಈಗೂ ಇಲ್ಲ," ಎಂದು ಪಿಸುಮಾತಿನಲ್ಲಿ ಹೇಳಿ ನಕ್ಕರು. ಕಣ್ಣು ಮಾತ್ರ ಒದ್ದೆಯಾಗಿತ್ತು. "ಒಂಬತ್ತನೇ ಅರ್ಜಿ ಬರೀರಿ. ಹೆಡ್ಡಿಂಗ್ ಹಾಕೂದು ಮರೀಬ್ಯಾಡ್ರಿ."